ಚಪ್ಪಲಿ ರಾಶಿಗೂ ಎಂಟ್ರೊಪಿಗೂ ಏನು ಸಂಬಂಧ?

“ಸರ್, ಎಂಟ್ರೊಪಿ ಅಂದ್ರೆ ಅಸ್ತವ್ಯಸ್ತ ತಾನೆ? ಮನೆ ತಾನಾಗೇ ಗಲೀಜಾಗುತ್ತಲ್ಲ, ಅದೇ ಅಲ್ವಾ?”

ಅಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಸ್ಟಾಫ್ ರೂಮಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ವಿರಾಜಪೇಟೆಯ ಒಂದು ಮದುವೆಯಲ್ಲಿ ನೆಂಟರೊಬ್ಬರು ಮಂಟಪದ ಬಾಗಿಲಲ್ಲಿ ಚೆಲ್ಲಾಪಿಲ್ಲಿ ಬಿದ್ದಿದ್ದ ಚಪ್ಪಲಿಗಳನ್ನು ತೋರಿಸಿ, “ನೋಡಿ ಮೇಷ್ಟ್ರೇ, ನಿಮ್ಮ ಎಂಟ್ರೊಪಿ” ಎಂದರು. ಸುತ್ತಲಿದ್ದವರು ನಕ್ಕರು. ನನಗೆ ರೇಗಿತು. ಎಂಟ್ರೊಪಿಗೆ ಅಳತೆ ಇದೆ, ಮಾನ ಇದೆ. ಒಂದು ಕೆಲ್ವಿನ್‌ಗೆ ಇಷ್ಟು ಜೌಲ್ ಎಂದು ಹೇಳಬೇಕು. ಕಣ್ಣಿಗೆ ಗಲೀಜು ಕಂಡಲ್ಲೆಲ್ಲ ಅಂಟಿಸುವ ಚೀಟಿಯಲ್ಲ ಅದು.

ಸರಿ, ಆ ಚಪ್ಪಲಿಗಳನ್ನೇ ಲೆಕ್ಕ ಹಾಕೋಣ. ವಿಯೆನ್ನಾದಲ್ಲಿ ಭೌತವಿಜ್ಞಾನಿ ಬೋಲ್ಟ್ಸ್‌ಮನ್ನರ ಸಮಾಧಿಯ ಮೇಲೆ S = k log W ಎಂದು ಕೆತ್ತಿದ್ದಾರೆ. S ಎಂದರೆ ಎಂಟ್ರೊಪಿ, k ಒಂದು ಸ್ಥಿರ ಸಂಖ್ಯೆ. W ಎಂದರೆ ಹೊರಗಿನಿಂದ ಒಂದೇ ರೀತಿ ಕಾಣುವ ಸ್ಥಿತಿ ಒಳಗೆ ಎಷ್ಟು ಬಗೆಯಲ್ಲಿ ಇರಲು ಸಾಧ್ಯ ಎಂಬ ಎಣಿಕೆ. 200 ಚಪ್ಪಲಿ, ಇಡಲು 200 ಜಾಗ ಎಂದುಕೊಳ್ಳಿ. ಅವನ್ನು ಅದಲುಬದಲು ಮಾಡುವ ಬಗೆಗಳು ಊಹೆಗೂ ನಿಲುಕದಷ್ಟು, ನಿಜ. ಆದರೆ e ಎಂಬ ಸಂಖ್ಯೆಯನ್ನು, ಅಂದರೆ ಸುಮಾರು 2.718 ಅನ್ನು, ಆಧಾರವಾಗಿಟ್ಟು ಲಾಗರಿದಮ್ ತೆಗೆದರೆ ಸುಮಾರು 863 ಉಳಿಯುತ್ತದೆ. ಅದನ್ನು k ಯಿಂದ, ಅಂದರೆ 1.38 × 10⁻²³ ರಿಂದ ಗುಣಿಸಿದರೆ ಬರುವುದು ಸುಮಾರು 1.2 × 10⁻²⁰ ಜೌಲ್ ಪ್ರತಿ ಕೆಲ್ವಿನ್. ಆ ಇಡೀ ರಾಶಿಯ ‘ಅಸ್ತವ್ಯಸ್ತ’ದ ಬೆಲೆ ಇಷ್ಟೇ. ನೀಟಾಗಿ ಜೋಡಿಸಿಟ್ಟ ಒಂದೇ ಒಂದು ಚಪ್ಪಲಿ ಬಿಸಿಲಿಗೆ ಒಂದು ಡಿಗ್ರಿ ಬಿಸಿಯಾದರೆ ಅದರ ಎಂಟ್ರೊಪಿ ಹೆಚ್ಚುಕಡಿಮೆ 1 ಜೌಲ್ ಪ್ರತಿ ಕೆಲ್ವಿನ್‌ನಷ್ಟು ಏರುತ್ತದೆ. ಎರಡರ ನಡುವೆ ಇಪ್ಪತ್ತು ಸೊನ್ನೆಗಳ ಅಂತರ.

ಇನ್ನೂ ಒಂದು ಮಾತಿದೆ. ಚಪ್ಪಲಿಗಳು ತಮ್ಮ ಶಾಖದಿಂದ ತಾವೇ ಜಾಗ ಬದಲಿಸುವುದಿಲ್ಲ, ಜನ ಒದ್ದರೆ ಮಾತ್ರ ಚೆಲ್ಲುತ್ತವೆ. ಅಣುಗಳು ಹಾಗಲ್ಲ, ಯಾರೂ ಮುಟ್ಟದಿದ್ದರೂ ಪ್ರತಿ ಕ್ಷಣ ಶಕ್ತಿಯನ್ನು ಹೊಸ ಹೊಸ ರೀತಿಯಲ್ಲಿ ಹಂಚಿಕೊಳ್ಳುತ್ತಲೇ ಇರುತ್ತವೆ. ಬೋಲ್ಟ್ಸ್‌ಮನ್ನರ ಎಣಿಕೆ ಆ ಹಂಚಿಕೆಯದು.

ಆ ನೆಂಟರ ಕೈಯಲ್ಲಿ ಆಗ ಬಿಸಿ ಕಾಫಿ ಇತ್ತು. ಅದನ್ನು ತೋರಿಸಿ “ಇದು ತಾನಾಗೇ ಯಾಕೆ ಆರುತ್ತದೆ, ತಾನಾಗೇ ಯಾಕೆ ಮತ್ತೆ ಬಿಸಿಯಾಗುವುದಿಲ್ಲ?” ಎಂದು ಕೇಳಿದ್ದರೆ ಊಟ ಬಿಟ್ಟು ಕೂತು ಹೇಳುತ್ತಿದ್ದೆ. ಯಾರೂ ಕೇಳುವುದಿಲ್ಲ. ಕೇಳಿದರೆಂದೇ ಇಟ್ಟುಕೊಂಡು ಹೇಳುತ್ತೇನೆ.

ಎಂಟ್ರೊಪಿ ಎಂಬ ಹೆಸರನ್ನು ಭೌತವಿಜ್ಞಾನಿ ಕ್ಲಾಸಿಯಸ್ 1865ರಲ್ಲಿ ಕೊಟ್ಟಾಗ ಅಣುಗಳ ಎಣಿಕೆ ಇರಲಿಲ್ಲ. ಅವರ ಲೆಕ್ಕ ಸರಳ: ಹರಿದ ಶಾಖವನ್ನು ಆ ಹೊತ್ತಿನ ತಾಪಮಾನದಿಂದ ಭಾಗಿಸಿ. ತಾಪಮಾನ ಕೆಲ್ವಿನ್‌ನಲ್ಲಿರಬೇಕು, ಅಂದರೆ ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಬೇಕು. 200 ಗ್ರಾಂ ಕಾಫಿ, ಬಹುಪಾಲು ನೀರೇ, 80 ಡಿಗ್ರಿಯಿಂದ ಕೋಣೆಯ 20 ಡಿಗ್ರಿಗೆ ಇಳಿಯಿತು ಎನ್ನಿ. ಬಿಟ್ಟ ಶಾಖ ಸುಮಾರು 50,000 ಜೌಲ್. ಕಾಫಿಯ ತಾಪಮಾನ ಇಳಿಯುತ್ತಲೇ ಇರುವುದರಿಂದ ಸ್ವಲ್ಪ ಸ್ವಲ್ಪವಾಗಿ ಭಾಗಿಸಿ ಕೂಡಬೇಕು. ಹಾಗೆ ಕೂಡಿದರೆ ಕಾಫಿ ಕಳೆದುಕೊಂಡದ್ದು ಸುಮಾರು 156 ಜೌಲ್ ಪ್ರತಿ ಕೆಲ್ವಿನ್. ಹೌದು, ಕಾಫಿಯ ಎಂಟ್ರೊಪಿ ಇಳಿಯಿತು! ‘ಎಂಟ್ರೊಪಿ ಯಾವಾಗಲೂ ಏರುತ್ತೆ’ ಎಂದು ಬಾಯಿಪಾಠ ಮಾಡಿದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಕೋಣೆಯನ್ನೂ ಸೇರಿಸಿ ನೋಡಬೇಕು. ಅದೇ ಶಾಖ ಕೋಣೆಗೆ ಸೇರಿದ್ದು 293 ಕೆಲ್ವಿನ್‌ನಲ್ಲಿ, ಭಾಗಿಸಿದರೆ 171. ಒಟ್ಟು ಲಾಭ ಸುಮಾರು 15. ಏರಲೇಬೇಕಾದದ್ದು ಈ ಒಟ್ಟು ಮೊತ್ತ, ಒಂದೊಂದರದ್ದೂ ಅಲ್ಲ.

ಕಾಫಿ ತಾನಾಗೇ ಮತ್ತೆ ಬಿಸಿಯಾಗಬೇಕಾದರೆ ಈ 15 ವಾಪಸ್ ಹೋಗಬೇಕು. ಅದನ್ನು k ಯಿಂದ ಭಾಗಿಸಿದರೆ ಸುಮಾರು 10²⁴ ಬರುತ್ತದೆ. ಅಂದರೆ ಆರಿದ ಸ್ಥಿತಿಯ ಬಗೆಗಳು ಬಿಸಿ ಸ್ಥಿತಿಯ ಬಗೆಗಳಿಗಿಂತ e ಯ 10²⁴ನೇ ಘಾತದಷ್ಟು ಪಟ್ಟು ಹೆಚ್ಚು. ಕಾಫಿಯನ್ನು ಯಾವ ಬಲವೂ ತಡೆದು ನಿಲ್ಲಿಸಿಲ್ಲ. ವಾಪಸ್ ಹೋಗುವ ದಾರಿಗಳು ಅಷ್ಟು ವಿರಳ, ಅಷ್ಟೇ.

ಕಳೆದದ್ದು ಏನು ಎಂದರೆ, ಕೆಲಸ. ಕಾಫಿಗೂ ಕೋಣೆಗೂ ನಡುವೆ ಒಂದೂ ನಷ್ಟವಿಲ್ಲದ ಎಂಜಿನ್ ಇಟ್ಟಿದ್ದರೆ ಆ 50,000 ಜೌಲ್ ಶಾಖದಲ್ಲಿ ಸುಮಾರು 4,500 ಜೌಲ್‌ಗಳನ್ನು ಕೆಲಸವಾಗಿ ತೆಗೆಯಬಹುದಿತ್ತು. ಏರಿದ ಎಂಟ್ರೊಪಿಯನ್ನು ಕೋಣೆಯ 293ರಿಂದ ಗುಣಿಸಿದರೂ ಅದೇ ಸಿಗುತ್ತದೆ. ನಮ್ಮ ತೋಟದ 50 ಕಿಲೋ ಕಾಫಿ ಮೂಟೆಯೊಂದನ್ನು 9 ಮೀಟರ್ ಎತ್ತಲು ಅಷ್ಟು ಸಾಕು. ಲೋಟವನ್ನು ಸುಮ್ಮನೆ ಮೇಜಿನ ಮೇಲೆ ಬಿಟ್ಟರೆ ಶಾಖವೆಲ್ಲ ಕೋಣೆಯಲ್ಲೇ ಉಳಿದಿರುತ್ತದೆ, ಒಂದು ಜೌಲ್ ಕೂಡ ಕಾಣೆಯಾಗಿರುವುದಿಲ್ಲ. ಆದರೂ ಆ ಮೂಟೆಯನ್ನು ಅದರಿಂದ ಒಂದು ಇಂಚೂ ಎತ್ತಲಾಗದು.