ಟಾರ್ಗೆಟ್ ಕೇಳುವ ಹುದ್ದೆಗೆ ಸೇಲ್ಸ್ ರೆಸ್ಯೂಮೆ: ಸಾಧನೆಯ ಪುರಾವೆ ಹುಡುಕುವ ಕೆಲಸ ಎಲ್ಲಿಗೆ ಬಂತು

ಕಲಬುರಗಿ, ಯಾದಗಿರಿ ಭಾಗದ ಸೇಲ್ಸ್ ಹುಡುಗರ ರೆಸ್ಯೂಮೆಗಳನ್ನು ಬಿಡುವಿನ ವೇಳೆಯಲ್ಲಿ ತಿದ್ದಿಕೊಡುವ ನನ್ನ ಕೆಲಸದಲ್ಲಿ ಈ ಸಲ ಒಂದೇ ರೆಸ್ಯೂಮೆ ಹೆಚ್ಚು ಸಮಯ ತೆಗೆದುಕೊಂಡಿದೆ. ಅದು ಶಹಾಪುರದ ಕಡೆಯ, ಕೀಟನಾಶಕ ಮಾರುವ ಯುವಕನೊಬ್ಬನದು. ಆತ ಅರ್ಜಿ ಹಾಕಲಿರುವ ಹುದ್ದೆಯ ಪ್ರಕಟಣೆಯಲ್ಲಿ ‘ಮಾರಾಟ ಮತ್ತು ವಸೂಲಿ ಟಾರ್ಗೆಟ್ ಮುಟ್ಟಿದ ಅನುಭವ ಕಡ್ಡಾಯ’ ಎಂದಿದೆ. ರೆಸ್ಯೂಮೆಯಲ್ಲಿ ಅದಕ್ಕೆ ಉತ್ತರವಾಗಿ ಇದ್ದದ್ದು ಒಂದೇ ಸಾಲು: ‘2024ರ ಮುಂಗಾರಿನಲ್ಲಿ 1.62 ಕೋಟಿ ರೂಪಾಯಿ ಮಾರಾಟ, ಗುರಿ ಮೀರಿದ ಸಾಧನೆ’.

ಈ ಸಾಲಿನಲ್ಲಿ ಮೊತ್ತವಿದೆ, ಗುರಿ ಇಲ್ಲ. 1.62 ಕೋಟಿ ಎಂಬುದು ಒಂದು ಕೋಟಿಯ ಟಾರ್ಗೆಟ್‌ಗೆ ದೊಡ್ಡ ಸಾಧನೆ, ಎರಡು ಕೋಟಿಯ ಟಾರ್ಗೆಟ್‌ಗೆ ಕೊರತೆ. ಆದ್ದರಿಂದ ಕಂಪನಿ ಆತನಿಗೆ ಕೊಟ್ಟಿದ್ದ ಟಾರ್ಗೆಟ್ ಹಾಳೆಯನ್ನು ಮೊದಲು ತರಿಸಿಕೊಂಡೆ. ಜೂನ್‌ನಿಂದ ನವೆಂಬರ್‌ವರೆಗೆ ಆತನ ವೈಯಕ್ತಿಕ ಗುರಿ 1.50 ಕೋಟಿ ಇತ್ತು. ಹಾಳೆಯಲ್ಲಿ ಇಡೀ ತಂಡದ ಗುರಿಯೂ ಪಕ್ಕದಲ್ಲೇ ಅಚ್ಚಾಗಿರುವುದರಿಂದ ಯಾವ ಸಾಲು ಯಾರದು ಎಂಬುದನ್ನು ಗಮನವಿಟ್ಟು ನೋಡಬೇಕಾಯಿತು. ಕೀಟನಾಶಕಕ್ಕೆ 18% ಜಿಎಸ್‌ಟಿ ಇರುವುದರಿಂದ, ಗುರಿಯನ್ನು ತೆರಿಗೆ ಬಿಟ್ಟು, ಮಾರಾಟವನ್ನು ತೆರಿಗೆ ಸೇರಿಸಿ ಹೇಳಿಲ್ಲವೆಂಬುದನ್ನೂ ಖಚಿತಪಡಿಸಿಕೊಂಡೆ; ಎರಡೂ ತೆರಿಗೆ ರಹಿತವಾಗಿಯೇ ಇದ್ದವು. ಅಲ್ಲಿಗೆ ಲೆಕ್ಕ 108% ಎಂದು ಕಾಣುತ್ತಿತ್ತು.

ಆದರೆ ಆತನ ಕೈಸೇರಿದ ಇನ್ಸೆಂಟಿವ್ ಪತ್ರ ಬೇರೆಯದನ್ನೇ ಹೇಳುತ್ತಿತ್ತು. 100% ದಾಟಿದವರಿಗೆ ಸಿಗುವ ಸ್ಲ್ಯಾಬ್ ಆತನಿಗೆ ಸಿಕ್ಕಿರಲಿಲ್ಲ. ಕಾರಣ ಮಾಲಿನ ವಾಪಸಾತಿ. ನಮ್ಮ ಭಾಗದಲ್ಲಿ ತೊಗರಿ ಹೂ, ಕಾಯಿ ಹಿಡಿಯುವ ಅಕ್ಟೋಬರ್–ನವೆಂಬರ್‌ನ ಸಿಂಪಡಣೆಯನ್ನು ನಂಬಿ ಡೀಲರ್‌ಗಳಿಗೆ ಮೊದಲೇ ಮಾಲು ತುಂಬುತ್ತಾರೆ. ಅಂಗಡಿಯಲ್ಲಿ ಖರ್ಚಾಗದೆ ಉಳಿದದ್ದು ಹಂಗಾಮು ಮುಗಿದ ಮೇಲೆ ಕಂಪನಿಯ ಡಿಪೋಗೆ ಮರಳುತ್ತದೆ. ಈತನ ಬಿಲ್ಲಿಂಗ್‌ನಲ್ಲಿ 18 ಲಕ್ಷದ ಮಾಲು ಹಾಗೆ ಮರಳಿತ್ತು. ಅದನ್ನು ಕಳೆದರೆ ನಿವ್ವಳ ಮಾರಾಟ 1.44 ಕೋಟಿ, ಅಂದರೆ ಗುರಿಯ 96%.

“ಸರ್, ಮಳಿ ಹಿಂದ-ಮುಂದ ಆತು, ಮಾಲು ವಾಪಸ್ ಬಂದದ್ದು ನನ್ನ ತಪ್ಪಲ್ರೀ, ಬಿಲ್ಲಿಂಗ್ ಅಂತೂ ನಾನೇ ಮಾಡೀನಿ” ಎಂದು ಆತ ವಾದಿಸಿದ. ಆತನ ಬೇಸರ ನ್ಯಾಯವಾದದ್ದೇ. ಆದರೂ 108 ಎಂದು ಬರೆಯಲು ನಾನು ಒಪ್ಪಲಿಲ್ಲ. ಕೃಷಿ ಪರಿಕರಗಳ ಕ್ಷೇತ್ರದಲ್ಲಿ ಸಂದರ್ಶನ ಮಾಡುವ ಮ್ಯಾನೇಜರ್ ತಾನೂ ಇದೇ ಡೀಲರ್‌ಗಳ ಹತ್ತಿರ ಓಡಾಡಿದವನಾಗಿರುತ್ತಾನೆ. ಬಿಲ್ಲಿಂಗ್ ಅಂಕಿ ಕಂಡೊಡನೆ ‘ರಿಟರ್ನ್ ಎಷ್ಟು?’ ಎಂದು ಕೇಳುತ್ತಾನೆ, ಬಳಿಕ ಇನ್ಸೆಂಟಿವ್ ಪತ್ರ ತೋರಿಸಲು ಹೇಳುತ್ತಾನೆ. ರೆಸ್ಯೂಮೆಯ ಅಂಕಿಯೂ ಪತ್ರದ ಅಂಕಿಯೂ ಹೊಂದದಿದ್ದರೆ ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಅಲ್ಲಿಗೇ ಮುಗಿಯುತ್ತದೆ.

96% ಎಂಬುದನ್ನು ಒಂಟಿಯಾಗಿ ನಿಲ್ಲಿಸಿದರೆ ಸೋಲಿನಂತೆ ಕಾಣುತ್ತದೆ ಎಂಬುದೂ ನಿಜ. ಅದಕ್ಕಾಗಿ ಅದೇ ಪ್ರದೇಶದ ಹಿಂದಿನ ಮುಂಗಾರಿನ ನಿವ್ವಳ ಮಾರಾಟವನ್ನು ಹುಡುಕಿದೆವು, ಅದು 1.20 ಕೋಟಿ ಇತ್ತು. ಕಂಪನಿ ಆ ಮಾರಾಟಕ್ಕಿಂತ ಕಾಲು ಭಾಗದಷ್ಟು ಹೆಚ್ಚಿನ ಗುರಿ ಕೊಟ್ಟಾಗ ಈತ 20% ಬೆಳವಣಿಗೆ ತಂದಿದ್ದಾನೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಿದವರಿಗೆ ಆತನ ದುಡಿಮೆ ಎಷ್ಟೆಂಬುದು ತಾನಾಗಿ ತಿಳಿಯುತ್ತದೆ.

ವಸೂಲಿಯ ಬಗ್ಗೆ ರೆಸ್ಯೂಮೆಯಲ್ಲಿ ಒಂದು ಮಾತೂ ಇರಲಿಲ್ಲ, ಪ್ರಕಟಣೆ ಅದನ್ನು ಸ್ಪಷ್ಟವಾಗಿ ಕೇಳಿದ್ದರೂ. ಆತನ ನಿಜವಾದ ಬಲ ಇರುವುದು ಅಲ್ಲಿಯೇ: ಜನವರಿ ಕೊನೆಗೆ ನಿವ್ವಳ ಮಾರಾಟದ 80% ವಸೂಲಾಗಬೇಕಿತ್ತು, ಆತ 1.26 ಕೋಟಿ, ಅಂದರೆ 87.5% ತಂದಿದ್ದ. ತೊಗರಿ ಪೂರ್ತಿ ಮಾರಾಟವಾಗಿ ರೈತರ ಕೈಗೆ ಹಣ ಬರುವ ಮೊದಲೇ ಡೀಲರ್‌ಗಳಿಂದ ಇಷ್ಟು ಬಾಕಿ ಬಿಡಿಸುವುದು ಸುಲಭದ ಮಾತಲ್ಲ.

ಈಗ ಆ ಭಾಗ ಹೀಗಿದೆ: ‘2024ರ ಮುಂಗಾರು (ಜೂನ್–ನವೆಂಬರ್), ವೈಯಕ್ತಿಕ ಗುರಿ 1.50 ಕೋಟಿ, ವಾಪಸಾತಿ ಕಳೆದು ನಿವ್ವಳ ಮಾರಾಟ 1.44 ಕೋಟಿ (96%), ಹಿಂದಿನ ಮುಂಗಾರಿಗಿಂತ 20% ಹೆಚ್ಚು. ಜನವರಿ ಅಂತ್ಯದ ವಸೂಲಿ 87.5%, ಗುರಿ 80%.’ ಡೀಲರ್‌ಗಳ ಹೆಸರು, ಡಿಸ್ಕೌಂಟ್ ದರ ಇತ್ಯಾದಿ ಕಂಪನಿಯ ಒಳಗಿನ ವಿವರಗಳನ್ನು ಎಲ್ಲಿಯೂ ಸೇರಿಸಿಲ್ಲ; ಟಾರ್ಗೆಟ್ ಹಾಳೆಯನ್ನು ಅರ್ಜಿಯ ಜೊತೆ ಲಗತ್ತಿಸಬಾರದೆಂದೂ ಆತನಿಗೆ ಹೇಳಿದ್ದೇನೆ. ಸಂದರ್ಶನದಲ್ಲಿ ಕೇಳಿದರೆ ತೋರಿಸಲು ಆತನ ಹೆಸರಿನಲ್ಲೇ ಬಂದಿರುವ ಇನ್ಸೆಂಟಿವ್ ಪತ್ರ ಸಾಕು.

ಹಿಂದಿನ ಮುಂಗಾರಿನ ಗುರಿ ಎಷ್ಟಿತ್ತೆಂಬ ಹಾಳೆ ಇನ್ನೂ ಸಿಕ್ಕಿಲ್ಲ. ಅದು ಬಂದರೆ ಎರಡನೆಯ ಸಾಲು ಸೇರುತ್ತದೆ. ಬಾರದಿದ್ದರೆ ಆ ವರ್ಷದ ಮಾರಾಟವನ್ನಷ್ಟೇ ಬರೆದು ಶೇಕಡಾವಾರು ಬಿಟ್ಟುಬಿಡುತ್ತೇವೆ.