ಉಜ್ಜಿದರೆ ನೋವು ಯಾಕೆ ಇಳಿಯುತ್ತದೆ?

“ಮೊಣಕೈಗೆ ಏಟು ಬಿದ್ದ ಕೂಡಲೇ ಉಜ್ಜಿಕೊಳ್ತೀವಲ್ಲ, ಅದರಿಂದ ನಿಜವಾಗ್ಲೂ ನೋವು ಕಡಿಮೆ ಆಗುತ್ತಾ, ಇಲ್ಲ ಸುಮ್ನೆ ಮನಸ್ಸಿನ ಸಮಾಧಾನಾನಾ?”

ನಿಜವಾಗಿಯೇ ಕಡಿಮೆಯಾಗುತ್ತದೆ. ಆದರೆ ಪೂರ್ತಿ ನೋವಲ್ಲ, ಅದರ ಎರಡನೇ ಪಾಲು ಮಾತ್ರ.

ಎರಡನೇ ಪಾಲು ಅಂದರೆ? ಮೊನ್ನೆ ಆತುರದಲ್ಲಿ ತಿರುಗುವಾಗ ಬಾಗಿಲ ಚೌಕಟ್ಟಿಗೆ ನನ್ನ ಮೊಣಕೈ ಬಡಿಯಿತು. ಮೊದಲು ಸೂಜಿ ಚುಚ್ಚಿದ ಹಾಗೆ ‘ಚುರ್’ ಅಂದಿತು. ಅರ್ಧ ಕ್ಷಣ ಬಿಟ್ಟು ಬೇರೆ ಥರದ ನೋವು ಬಂತು. ಮಂದವಾಗಿ ಹರಡುತ್ತಾ, ಹಲ್ಲು ಕಚ್ಚಿಕೊಳ್ಳುವಂತೆ ಮಾಡುವ ನೋವು. ಏಟು ಒಂದೇ, ನೋವು ಎರಡು. ಮುಂದಿನ ಸಲ ಎಲ್ಲಾದರೂ ತಗುಲಿಸಿಕೊಂಡಾಗ ಗಮನಿಸಿ ನೋಡಿ.

ಈ ಎರಡೂ ಬೇರೆ ಬೇರೆ ನರತಂತುಗಳಲ್ಲಿ ಸಾಗುತ್ತವೆ. ಚುರ್ ಅನ್ನುವುದು ತೆಳುವಾದ ಕವಚವಿರುವ ಎ-ಡೆಲ್ಟಾ ತಂತುಗಳಲ್ಲಿ, ಸೆಕೆಂಡಿಗೆ ಸುಮಾರು 15 ಮೀಟರ್ ವೇಗದಲ್ಲಿ ಹೋಗುತ್ತದೆ. ಮಂದ ನೋವು ಕವಚವೇ ಇಲ್ಲದ ಸಿ ತಂತುಗಳದ್ದು. ಅದರ ವೇಗ ಸೆಕೆಂಡಿಗೆ ಬರೀ 1 ಮೀಟರ್, ನಾವು ನಿಧಾನಕ್ಕೆ ನಡೆಯುವಷ್ಟು. ಮೊಣಕೈಯಿಂದ ಬೆನ್ನುಹುರಿಗೆ 60 ಸೆಂಟಿಮೀಟರ್ ದೂರ ಅಂದುಕೊಳ್ಳಿ. ಮೊದಲನೆಯದು 0.04 ಸೆಕೆಂಡಿನಲ್ಲಿ ತಲುಪಿಬಿಡುತ್ತದೆ, ಎರಡನೆಯದಕ್ಕೆ 0.6 ಸೆಕೆಂಡ್ ಬೇಕು. ನಮ್ಮ ಇನ್ನೊಂದು ಕೈ ಮೊಣಕೈ ಮೇಲೆ ಬೀಳುವ ಹೊತ್ತಿಗೆ ಚುರ್ ಅನ್ನುವುದು ಮುಗಿದೇ ಹೋಗಿರುತ್ತದೆ. ಅದನ್ನು ಉಜ್ಜಿ ತಡೆಯುವುದು ಸಾಧ್ಯವೇ ಇಲ್ಲ.

ಉಜ್ಜುವಾಗ ಕೆಲಸ ಮಾಡುವುದು ಮೂರನೇ ಬಗೆಯ ತಂತುಗಳು, ಎ-ಬೀಟಾ. ಇವು ದಪ್ಪ, ಸ್ಪರ್ಶದ ಸುದ್ದಿ ಒಯ್ಯುವಂಥವು. ವೇಗ ಸೆಕೆಂಡಿಗೆ ಸುಮಾರು 50 ಮೀಟರ್. ಸ್ಪರ್ಶ ಓಡಿಹೋಗಿ ನೋವಿಗಿಂತ ಮುಂಚೆ ಮಿದುಳು ಮುಟ್ಟುವುದರಿಂದ ನೋವು ಗೊತ್ತಾಗುವುದಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಅದು ತಪ್ಪು. ಇಲ್ಲಿ ಓಟದ ಪಂದ್ಯ ಏನೂ ಇಲ್ಲ. ಸಿ ತಂತುಗಳು ಮೊದಲ ಏಟಿಗಷ್ಟೇ ಸುಮ್ಮನಾಗದೆ ಸುದ್ದಿ ಕಳಿಸುತ್ತಲೇ ಇರುತ್ತವೆ. ಆ ಸುದ್ದಿಯನ್ನು ದಾರಿಯಲ್ಲಿ ತಗ್ಗಿಸುವುದೇ ಉಜ್ಜುವಿಕೆಯ ಕೆಲಸ.

ದಾರಿ ಅಂದರೆ ಬೆನ್ನುಹುರಿಯ ಹಿಂಭಾಗ. ಅಲ್ಲೊಂದು ನರಕೋಶ ನೋವಿನ ಸುದ್ದಿಯನ್ನು ಮೇಲೆ ಮಿದುಳಿಗೆ ದಾಟಿಸುತ್ತದೆ. ಅದರ ಪಕ್ಕದಲ್ಲೇ ಅದನ್ನು ಸುಮ್ಮನಿರಿಸುವ ಚಿಕ್ಕ ಕೋಶಗಳಿವೆ. ಸ್ಪರ್ಶದ ತಂತುಗಳು ಈ ಚಿಕ್ಕ ಕೋಶಗಳನ್ನು ಎಬ್ಬಿಸುತ್ತವೆ. ಅವು ಎದ್ದರೆ ದಾಟಿಸುವ ಕೋಶದ ಸದ್ದು ತಗ್ಗುತ್ತದೆ, ಗೇಟು ಅರ್ಧ ಮುಚ್ಚಿದ ಹಾಗೆ. ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ ಮತ್ತು ನರವಿಜ್ಞಾನಿ ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟ ಗೇಟ್ ಕಂಟ್ರೋಲ್ ಸಿದ್ಧಾಂತದ ತಿರುಳು ಇದೇ. ಅವರು ಬರೆದ ವೈರಿಂಗ್ ನಕ್ಷೆಯ ಕೆಲವು ಗೆರೆಗಳು ಆಮೇಲಿನ ಪ್ರಯೋಗಗಳಲ್ಲಿ ನಿಲ್ಲಲಿಲ್ಲ. ಆದರೆ ನೋವು ಮಿದುಳಿಗೆ ಹೋಗುವ ಮೊದಲೇ ಬೆನ್ನುಹುರಿಯಲ್ಲಿ ಹೆಚ್ಚು ಕಡಿಮೆ ಆಗುತ್ತದೆ ಅನ್ನುವ ಮಾತು ಗಟ್ಟಿಯಾಗಿ ನಿಂತಿದೆ. ಮಿದುಳು ಕೂಡ ಮೇಲಿನಿಂದ ಈ ಗೇಟನ್ನು ಅಲ್ಲಾಡಿಸಬಲ್ಲದು, ಅದು ಇನ್ನೊಂದು ದಿನದ ಕಥೆ.

ಇದು ಗೊತ್ತಾದರೆ ಎರಡು ಸಂಗತಿ ತಾನಾಗಿಯೇ ಅರ್ಥವಾಗುತ್ತವೆ. ಮೊಣಕೈ ತಗುಲಿದಾಗ ಮೊಣಕಾಲು ಉಜ್ಜಿಕೊಂಡರೆ ಅಷ್ಟು ಹಿತ ಸಿಗುವುದಿಲ್ಲ, ಯಾಕೆಂದರೆ ಎರಡರ ತಂತುಗಳು ಬೆನ್ನುಹುರಿ ಸೇರುವ ಮಟ್ಟಗಳೇ ಬೇರೆ. ಏಟು ಬಿದ್ದ ಜಾಗದ ಹತ್ತಿರವೇ ಉಜ್ಜಬೇಕು. ಇನ್ನೊಂದು, ಕೈ ತೆಗೆದರೆ ನೋವು ಮತ್ತೆ ತಲೆ ಎತ್ತುತ್ತದೆ. ಸ್ಪರ್ಶದ ಸುದ್ದಿ ನಿಂತರೆ ಚಿಕ್ಕ ಕೋಶಗಳೂ ಸುಮ್ಮನಾಗುತ್ತವೆ, ಅಷ್ಟೇ. ಉಜ್ಜಿದ್ದರಿಂದ ಪೆಟ್ಟೇನೂ ವಾಸಿಯಾಗಿರುವುದಿಲ್ಲ, ಅಲ್ವಾ?

ಮೊಣಕೈಯ ಒಳಬದಿಗೆ ತಗುಲಿ ಕಿರುಬೆರಳಿನ ತನಕ ಕರೆಂಟ್ ಹೊಡೆದಂತಾಗುವುದು ಬೇರೆ ಲೆಕ್ಕ. ಅಲ್ಲಿ ಅಲ್ನಾರ್ ನರ ಮೂಳೆಗೆ ಒತ್ತಿಕೊಂಡು, ಚರ್ಮದ ಹತ್ತಿರವೇ ಹಾದುಹೋಗುತ್ತದೆ. ಏಟು ನೇರ ನರಕ್ಕೇ ಬಿದ್ದಿರುತ್ತದೆ. ನರದ ನಡುವೆ ಎದ್ದ ಸುದ್ದಿಯನ್ನು ಮಿದುಳು ಬೆರಳಿಂದ ಬಂತು ಅಂತ ಓದಿಕೊಳ್ಳುತ್ತದೆ. ನನಗಂತೂ ಆಗ ಉಜ್ಜಿದರೂ ಹೆಚ್ಚೇನೂ ಪ್ರಯೋಜನ ಕಂಡಿಲ್ಲ, ಕೆಲವು ಕ್ಷಣ ಕಾಯುವುದೇ ಉಪಾಯ. ಜೋಮು ಹೋಗದೆ ಉಳಿದರೆ, ಬೆರಳಿನ ಹಿಡಿತ ಸಡಿಲವಾದರೆ, ಡಾಕ್ಟರಿಗೆ ತೋರಿಸಬೇಕು.

ಉಜ್ಜಬಾರದ ಕಡೆಯೂ ಇದೆ. ಬಿಸಿಲಿಗೆ ಸುಟ್ಟ ಚರ್ಮಕ್ಕೆ ಬಟ್ಟೆ ತಾಗಿದರೂ ಉರಿಯುತ್ತದೆ. ಉರಿಯೂತ ಇರುವಾಗ ನೋವಿನ ತಂತುಗಳು ಸಣ್ಣದಕ್ಕೂ ಸುದ್ದಿ ಕಳಿಸತೊಡಗುತ್ತವೆ. ಬೆನ್ನುಹುರಿಯ ಕೋಶಗಳೂ ಚುರುಕಾಗಿ, ಬರೀ ಸ್ಪರ್ಶವನ್ನೇ ನೋವು ಅಂತ ಮೇಲಕ್ಕೆ ದಾಟಿಸುತ್ತವೆ. ಅಂಥ ಹೊತ್ತಲ್ಲಿ ಗೇಟು ಮುಚ್ಚಲಿ ಅಂತ ಕೈ ಇಟ್ಟರೆ ಅದು ಇನ್ನಷ್ಟು ತೆರೆದುಕೊಳ್ಳುತ್ತದೆ.