ನೂರು ಎಂಬಿಪಿಎಸ್ ಕೊಟ್ಟರೂ ಮಿಸ್ ದನಿ ಕಟ್ಟಾಗುತ್ತಿತ್ತು

ನಾನು ದಾವಣಗೆರೆಯಲ್ಲಿ ಮನೆಮನೆಗೆ ಫೈಬರ್ ಹಾಕುವವನು. ಪ್ಲಾನ್ ಯಾವುದು ತಗೊಳ್ಳಲಿ ಎಂದು ಯಾರೇ ಕೇಳಿದರೂ, "ನಾಲ್ಕು ಜನ ಇದೀರಾ? ನೂರು ಹಾಕ್ಸಿ ಸಾರ್" ಎಂದುಬಿಡುತ್ತಿದ್ದೆ. ಆ ಚಟ ಬಿಡಿಸಿದ್ದು ಒಬ್ಬ ಟ್ಯೂಷನ್ ಮೇಡಂ.

ಅವರ ಮನೆಯಲ್ಲಿ ಆಗ ಇದ್ದದ್ದು 50ರ ಪ್ಲಾನ್. ಸಂಜೆ ಏಳೂವರೆಗೆ ಮೇಡಂ ಆನ್‌ಲೈನ್ ಕ್ಲಾಸ್, ಅದೇ ಹೊತ್ತಿಗೆ ಒಳಗಿನ ರೂಮಿನಲ್ಲಿ ಯಜಮಾನರ ಆಫೀಸ್ ವೀಡಿಯೊ ಕಾಲ್, ಹಾಲ್‌ನಲ್ಲಿ ಅಜ್ಜಿಯ ಟಿವಿ, ಮಗನ ಮೊಬೈಲಿನಲ್ಲಿ ಗೇಮ್. ಕ್ಲಾಸ್ ಸರಿಯಾಗಿ ನಡೆಯುತ್ತಿಲ್ಲ ಎಂದರು. ನಾನು ಕೂಡಲೇ 100ಕ್ಕೆ ಏರಿಸಿ ಬಂದೆ. ವಾರ ಕಳೆದು ಫೋನ್ ಬಂತು: "ದುಡ್ಡು ಜಾಸ್ತಿ ಕೊಟ್ರೂ ಹಂಗೇ ಐತಲ್ರೀ. ನಿಮ್ಮ ದನಿ ಕಟ್ ಆಗ್ತೈತಿ ಮಿಸ್ ಅಂತಾವೆ ಹುಡುಗ್ರು."

ಹುಡುಗರ ದನಿ ನಿಮಗೆ ಸರಿಯಾಗಿ ಕೇಳುತ್ತಾ ಎಂದು ಕೇಳಿದೆ. ಅದು ಚೆನ್ನಾಗಿಯೇ ಕೇಳುತ್ತಿತ್ತಂತೆ. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಅದು. ಒಳಗೆ ಬರುವುದು ಸರಾಗ, ಹೊರಗೆ ಹೋಗುವುದು ಮಾತ್ರ ಕಟ್ಟಾಗುತ್ತಿದೆ ಎಂದರೆ ತೊಂದರೆ ಡೌನ್‌ಲೋಡಿನಲ್ಲಿ ಇಲ್ಲ.

ಆ ಸಂಜೆ ಅವರ ಮನೆಯಲ್ಲೇ ಕೂತು ಲೆಕ್ಕ ಹಾಕಿದೆ. ಮನೆಯಲ್ಲಿ ಎಷ್ಟು ಫೋನ್ ಇವೆ ಎಂದು ಎಣಿಸಿದರೆ ಪ್ರಯೋಜನವಿಲ್ಲ. ಅತಿ ಹೆಚ್ಚು ಎಳೆಯುವ ಆ ಒಂದು ಗಂಟೆಯಲ್ಲಿ ಏನೇನು ಒಟ್ಟಿಗೆ ಓಡುತ್ತದೆ ಎಂಬುದನ್ನು ಬರೆದುಕೊಳ್ಳಬೇಕು. ಟಿವಿಯಲ್ಲಿ 4ಕೆ ಸಿನಿಮಾ ಓಡಿದರೆ 15 ಎಂಬಿಪಿಎಸ್. (ಅಜ್ಜಿಯ ಧಾರಾವಾಹಿ ಎಚ್‌ಡಿಯಲ್ಲಿ ಬರುತ್ತದೆ, ಅದಕ್ಕೆ 5 ಸಾಕು. ಆದರೂ ಹೆಚ್ಚಿನದನ್ನೇ ಹಿಡಿದೆ.) ಕ್ಲಾಸಿಗೆ 3, ಆಫೀಸ್ ಕಾಲ್‌ಗೆ 3. ಗೇಮ್‌ಗೆ ಒಂದು ಹಿಡಿದರೂ ಜಾಸ್ತಿಯೇ. ಸುಮ್ಮನಿದ್ದ ಹಾಗೆ ಕಾಣುವ ಫೋನುಗಳಿಗೆ ಒಟ್ಟಾರೆ 6. ಅಲ್ಲಿಗೆ 28 ಆಯಿತು. ಟಿವಿ ಒಂದೇ ಸಮ ಎಳೆಯುವುದಿಲ್ಲ. ಗಬಕ್ಕನೆ ಒಂದಿಷ್ಟು ತುಂಬಿಕೊಂಡು ಸುಮ್ಮನಾಗುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕಾಗಿ ಮೂರನೇ ಒಂದು ಭಾಗ ಸೇರಿಸಿದರೂ 37ರ ಆಸುಪಾಸು. ಹಳೆಯ 50 ಧಾರಾಳವಾಗಿ ಸಾಲುತ್ತಿತ್ತು.

ಇನ್ನು ಅಪ್‌ಲೋಡ್. ಲ್ಯಾಪ್‌ಟಾಪಿಗೆ ನೇರ ಲ್ಯಾನ್ ಕೇಬಲ್ ಚುಚ್ಚಿ ಟೆಸ್ಟ್ ಮಾಡಿದೆ, ವೈಫೈಯ ಅನುಮಾನವೂ ಕಳೆಯಲಿ ಎಂದು. ಡೌನ್‌ಲೋಡ್ 96 ತೋರಿಸಿತು, ಅಪ್‌ಲೋಡ್ 4.8. ನಮ್ಮ ಆ ಎರಡೂ ಪ್ಲಾನಿನಲ್ಲಿ ಅಪ್‌ಲೋಡ್ 5ಕ್ಕೇ ಕಟ್ಟಿಹಾಕಿದ್ದರು. ನಾನು ಆ ಸಾಲು ಓದಿರಲೇ ಇಲ್ಲ. ಹಲವರು ಸೇರಿದ ವೀಡಿಯೊ ಕಾಲ್‌ನಲ್ಲಿ ನಮ್ಮ ಮುಖ ಎಚ್‌ಡಿಯಲ್ಲಿ ಹೋಗಬೇಕಾದರೆ ಸುಮಾರು 2.6 ಬೇಕು. ಮೇಡಂ ಒಬ್ಬರು, ಯಜಮಾನರು ಒಬ್ಬರು: 5.2. ಅಲ್ಲಿಗೇ ತುಂಬಿಹೋಯಿತು. ಇದರ ಮೇಲೆ ಗೇಟಿನ ಕ್ಯಾಮೆರಾ ಹಗಲೂ ರಾತ್ರಿ ಒಂದೂವರೆ ಎಂಬಿಪಿಎಸ್ ಕ್ಲೌಡಿಗೆ ಕಳಿಸುತ್ತಿತ್ತು. ಮಗ ತೆಗೆದ ಫೋಟೊ, ವೀಡಿಯೊಗಳ ಬ್ಯಾಕಪ್ ಬೇರೆ. ಅದು ಎಷ್ಟು ಸಿಕ್ಕರೆ ಅಷ್ಟನ್ನೂ ನುಂಗುತ್ತದೆ.

ಮಗನದೂ ಒಂದು ದೂರಿತ್ತು: "ಅಣ್ಣಾ, ಗೇಮ್ ಲ್ಯಾಗ್ ಆಗ್ತೈತಿ." ಗೇಮ್ ಕಳಿಸುವ ಡೇಟಾ ಚಿಟಿಕೆಯಷ್ಟು, ಆದರೆ ಅದು ಕಾಯಬಾರದು. ಅಪ್‌ಲೋಡ್ ತುಂಬಿದಾಗ ರೂಟರ್ ಎಲ್ಲವನ್ನೂ ಸಾಲಿನಲ್ಲಿ ನಿಲ್ಲಿಸುತ್ತದೆ. ರೈಲ್ವೆ ಗೇಟ್ ಹಾಕಿದಾಗ ಲಾರಿ ಹಿಂದೆ ಸೈಕಲ್ಲೂ ಸಿಕ್ಕಿಕೊಂಡ ಹಾಗೆ. ಇದನ್ನು ಕಣ್ಣಾರೆ ನೋಡಬಹುದು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಹೀಗೆ ಹಾಕಿ ಬಿಟ್ಟೆ:

```
ping -t 8.8.8.8
```

ಕಳಿಸಿದ್ದಕ್ಕೆ ಉತ್ತರ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಇದು ತೋರಿಸುತ್ತಾ ಹೋಗುತ್ತದೆ. ಕ್ಲಾಸ್ ಶುರುವಾಗುವ ಮುಂಚೆ 14 ಮಿಲಿಸೆಕೆಂಡ್ ಇತ್ತು. ಎರಡೂ ಕಾಲ್ ನಡೆಯುತ್ತಿದ್ದಾಗ ಫೋಟೊ ಬ್ಯಾಕಪ್ ಆನ್ ಮಾಡಿಸಿದೆ. 380 ದಾಟಿತು, ನಡುನಡುವೆ ಉತ್ತರವೇ ಬರಲಿಲ್ಲ. ಬ್ಯಾಕಪ್ ನಿಲ್ಲಿಸಿದ ಮೇಲೆ ಇಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ.

ಆಫೀಸಿಗೆ ಫೋನ್ ಮಾಡಿ, ಎರಡೂ ಕಡೆ 40 ಇರುವ ಪ್ಲಾನಿಗೆ ಬದಲಾಯಿಸಿದೆ. 100ರದ್ದಕ್ಕಿಂತ ಅದು ಅಗ್ಗವೇ. ಕ್ಯಾಮೆರಾ ಯಾರಾದರೂ ಓಡಾಡಿದಾಗ ಮಾತ್ರ ಕಳಿಸುವ ಹಾಗೆ ಸೆಟ್ ಮಾಡಿದೆ. ಗೇಮ್ ಅಪ್‌ಡೇಟ್ ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಎಷ್ಟು ಕೊಟ್ಟರೂ ಅಷ್ಟನ್ನೂ ಎಳೆಯುತ್ತದೆ. 40ರಲ್ಲಿ 2 ಜಿಬಿ ಇಳಿಯಲು ಹೆಚ್ಚುಕಡಿಮೆ ಏಳು ನಿಮಿಷ ಸಾಕು, ಆದರೆ ಆ ಏಳು ನಿಮಿಷ ಅಮ್ಮನ ಕ್ಲಾಸಿನ ಹೊತ್ತಿಗೆ ಬೇಡ ಎಂದು ಮಗನಿಗೆ ಹೇಳಿ ಬಂದೆ.

ಮರುದಿನ ಸಂಜೆ ಫೋನ್ ಮಾಡಿ ಪಿಂಗ್ ಎಷ್ಟಿದೆ ಎಂದು ಕೇಳಿದೆ. 20ರಿಂದ 25ರ ಒಳಗೆ ಓಡುತ್ತಿದೆ ಎಂದ ಹುಡುಗ. ಮೇಡಂ ಹಿಂದಿನಿಂದ ಕೇಳುತ್ತಿದ್ದರು: "ಆ ನೂರರ ಪ್ಲಾನಿಗೆ ಕೊಟ್ಟ ದುಡ್ಡು ಏನಾತ್ರೀ?" ಉಳಿದದ್ದನ್ನು ಮುಂದಿನ ಬಿಲ್ಲಿಗೆ ಹಾಕಿಸಿಕೊಟ್ಟೆ.